ಸಿಸ್ಟರ್ ಅರ್ಜಿಯಲ್ಲಿ 13 ಮಕ್ಕಳು

ಹಳ್ಳಿಯ ಉಪಕೇಂದ್ರಗಳಲ್ಲಿ ಹತ್ತು ವರ್ಷ ದುಡಿದ ನರ್ಸ್ ಒಬ್ಬರು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಪಿಎಚ್‌ಗೆ, ಅರ್ಜಿ ತುಂಬಲು ಕೂತಿದ್ದಾರೆ ಅಂದುಕೊಳ್ಳಿ. ಅಂಕಪಟ್ಟಿ ಇದೆ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆ, ಅನುಭವ ಪತ್ರಕ್ಕೆ ವೈದ್ಯಾಧಿಕಾರಿಗಳು ಸಹಿ ಹಾಕಿಕೊಟ್ಟಿದ್ದಾರೆ. ಅವರ ಕೈ ನಿಲ್ಲುವುದು ಒಂದೇ ಕಡೆ. ‘ಈ ಕೋರ್ಸು ನಿಮಗೆ ಯಾಕೆ ಬೇಕು? ಒಂದೆರಡು ಪುಟಗಳಲ್ಲಿ ಬರೆಯಿರಿ’ ಎಂದು ಕೇಳುವ ಜಾಗದಲ್ಲಿ. ಇದನ್ನು ಪರ್ಸನಲ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಕನ್ನಡದಲ್ಲಿ ‘ಸ್ವವಿವರಣೆ’ ಅನ್ನಬಹುದೇನೋ. ನಾನು ಇಲ್ಲಿ ಪತ್ರ ಎಂದೇ ಕರೆಯುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಒಬ್ಬರು ಇನ್ನೊಬ್ಬರಿಗೆ ಬರೆಯುವ ಪತ್ರ.

ಎಂಪಿಎಚ್ ನಮ್ಮ ದೇಶದಲ್ಲಿ ಬಹಳ ಹಳೆಯ ಕೋರ್ಸೇನೂ ಅಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ಇದನ್ನು ಶುರು ಮಾಡಿದ್ದು 1997ರಲ್ಲಿ. ಈಗ ನಮ್ಮ ರಾಜ್ಯದಲ್ಲೂ ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ ಮೊದಲಾದ ಕಡೆ ಇದೆ. ಸಾಮಾನ್ಯವಾಗಿ ಎರಡು ವರ್ಷದ ಓದು. ವೈದ್ಯರು, ದಂತವೈದ್ಯರು, ನರ್ಸ್‌ಗಳು, ಸಮಾಜಶಾಸ್ತ್ರ ಓದಿದವರು ಒಂದೇ ತರಗತಿಯಲ್ಲಿ ಕೂರುತ್ತಾರೆ. ಪದವಿ ಇರಬೇಕಾದ್ದರಿಂದ ಜಿಎನ್‌ಎಂ ಡಿಪ್ಲೊಮಾ ಮಾತ್ರ ಇರುವವರು ಸಾಮಾನ್ಯವಾಗಿ ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಮುಗಿಸಿಕೊಳ್ಳಬೇಕಾಗುತ್ತದೆ. ಅರ್ಹತೆಯ ವಿಷಯ ಇಷ್ಟು ಸಾಕು. ಉಳಿದದ್ದೆಲ್ಲ ಆಯಾ ಸಂಸ್ಥೆಯ ಪ್ರಕಟಣೆಯಲ್ಲೇ ಸಿಗುತ್ತದೆ. ಪತ್ರ ಹೇಗಿರಬೇಕು ಎಂಬುದು ಮಾತ್ರ ಅಲ್ಲಿ ಸಿಗುವುದಿಲ್ಲ.

ಹೆಚ್ಚಿನ ಪತ್ರಗಳು ಶುರುವಾಗುವ ರೀತಿ ಒಂದಿದೆ. ‘ಚಿಕ್ಕಂದಿನಿಂದಲೂ ನನಗೆ ಜನಸೇವೆಯ ಹಂಬಲ. ಫ್ಲಾರೆನ್ಸ್ ನೈಟಿಂಗೇಲ್ ನನ್ನ ಸ್ಫೂರ್ತಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ನರ್ಸಿಂಗ್ ಕಾಲೇಜಿಗೆ ಸೇರುವ ಹದಿನೆಂಟರ ಹುಡುಗಿಯೂ ಇದನ್ನೇ ಬರೆಯಬಹುದು. ಹತ್ತು ವರ್ಷದ ಕೆಲಸ ಕಲಿಸಿದ್ದೇನು ಎಂಬುದು ಈ ಸಾಲುಗಳಲ್ಲಿ ಕಾಣುವುದಿಲ್ಲ. ನೈಟಿಂಗೇಲ್ ಹೆಸರನ್ನು ತೆಗೆಯಲೇಬೇಕಾದರೆ, ದೀಪ ಹಿಡಿದು ವಾರ್ಡಿನಲ್ಲಿ ನಡೆಯುತ್ತಿದ್ದ ನೈಟಿಂಗೇಲ್‌ಗಿಂತ ಲೆಕ್ಕದ ಪುಸ್ತಕ ಹಿಡಿದು ಕೂತ ನೈಟಿಂಗೇಲ್ ಈ ಕೋರ್ಸಿಗೆ ಹತ್ತಿರದವರು. ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಸೈನಿಕರ ಸಾವುಗಳನ್ನು ತಿಂಗಳು ತಿಂಗಳು ಎಣಿಸಿ, ಕಾರಣವಾರು ಬಿಡಿಸಿ, 1858ರಲ್ಲಿ ಬಣ್ಣದ ನಕ್ಷೆಯಾಗಿ ಅವರು ಮುಂದಿಟ್ಟರು. ಗುಂಡೇಟಿನಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತವರು ಎಷ್ಟೋ ಹೆಚ್ಚು ಎಂಬುದು ಆ ನಕ್ಷೆ ನೋಡಿದವರ ಕಣ್ಣಿಗೆ ಹೊಡೆಯುತ್ತಿತ್ತು. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳಿಂದ ತರಿಸಿಕೊಂಡ ವಿವರಗಳನ್ನು ಮುಂದಿಟ್ಟುಕೊಂಡು ನೀರು, ಚರಂಡಿಗಳ ದುಸ್ಥಿತಿಯ ಬಗ್ಗೆ ಬರೆದರು. ಹಾಸಿಗೆಯ ಪಕ್ಕ ನಿಂತ ನರ್ಸ್ ಒಬ್ಬರು ಅಲ್ಲಿಂದ ಎದ್ದು ಇಡೀ ಊರಿನ ಲೆಕ್ಕ ನೋಡಲು ಹೊರಟ ಕಥೆ ಅದು.

ಪತ್ರ ತೋರಿಸಬೇಕಾದದ್ದು ಈ ನಡಿಗೆಯನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಹೇಳಿಕೊಟ್ಟದ್ದು ನೆನಪಿದೆಯಲ್ಲವೇ? ನರ್ಸ್ ಮುಂದೆ ಬಂದು ಕೂರುವವರೆಲ್ಲ ಅಂಶ. ಲಸಿಕೆಗೆ ಬಂದ ಮಗು, ಬಿಪಿ ನೋಡಿಸಿಕೊಳ್ಳಲು ಬಂದ ಅಜ್ಜ, ತಪಾಸಣೆಗೆ ಬಂದ ಬಸುರಿ. ಬಾರದವರೂ ಸೇರಿ ಆಗುವುದು ಛೇದ. ಆಸ್ಪತ್ರೆಯ ಕೆಲಸ ಅಂಶವನ್ನು ಚೆನ್ನಾಗಿ ನೋಡಿಕೊಳ್ಳುವುದು. ಸಾರ್ವಜನಿಕ ಆರೋಗ್ಯ ಛೇದದ ಬಗ್ಗೆ ಕೇಳುತ್ತದೆ. ಹಳ್ಳಿಯ ನರ್ಸ್‌ಗೆ ಇಲ್ಲಿ ನಗರದ ದೊಡ್ಡ ಆಸ್ಪತ್ರೆಯವರಿಗಿಲ್ಲದ ಒಂದು ಅನುಕೂಲವಿದೆ. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ ಸುಮಾರು 5000 ಜನ, ಒಬ್ಬ ಆಶಾ ಕಾರ್ಯಕರ್ತೆಗೆ ಸುಮಾರು 1000 ಜನ ಎಂದು ಲೆಕ್ಕ. ಅಂದರೆ ಅವರ ಛೇದಕ್ಕೆ ಮನೆ ನಂಬರ್ ಇದೆ, ಹೆಸರಿದೆ, ಬಾಗಿಲಿದೆ.

ಒಂದು ಪ್ರಸಂಗವನ್ನು ಪೂರ್ತಿ ಬಿಡಿಸಿ ನೋಡೋಣ. ಇದು ಇಂಥವರ ಪತ್ರ ಎಂದಲ್ಲ. ಲೆಕ್ಕ ತಿಳಿಯಾಗಲಿ ಎಂದು ನಾನೇ ಕಟ್ಟಿಕೊಂಡದ್ದು, ಅಂಕಿಗಳೂ ನಾನು ಇಟ್ಟುಕೊಂಡವೇ. ಆದರೆ ಲಸಿಕಾ ರಿಜಿಸ್ಟರ್ ಬರೆದ ಯಾವ ಸಿಸ್ಟರ್‌ಗೂ ಇದು ಅಪರಿಚಿತ ಅನ್ನಿಸಲಾರದು.

ಕಲ್ಯಾಣ ಕರ್ನಾಟಕದ ಒಂದು ಉಪಕೇಂದ್ರ. ಮಗುವಿಗೆ ಆರು ವಾರ ತುಂಬಿದಾಗ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ಕಾಯಿಲೆಗಳ ವಿರುದ್ಧ ಕೊಡುವಂಥದ್ದು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾದ ಲಸಿಕೆ, ಎಂಆರ್. ಆ ವರ್ಷದ ರಿಜಿಸ್ಟರಿನಲ್ಲಿ ಪೆಂಟಾ ಮೊದಲ ಡೋಸು ಪಡೆದವರು 72 ಮಕ್ಕಳು, ಎಂಆರ್ ಪಡೆದವರು 54. ನಡುವೆ ಬಿಟ್ಟುಹೋದವರನ್ನು ಇಲಾಖೆಯ ಭಾಷೆಯಲ್ಲಿ ಡ್ರಾಪ್‌ಔಟ್ ಎನ್ನುತ್ತಾರೆ. ಲೆಕ್ಕ ಸುಲಭ: 72ರಲ್ಲಿ 54 ಕಳೆದರೆ 18, ಅದು 72ರ ಕಾಲುಭಾಗ, ಶೇಕಡಾ 25. ಶೇಕಡಾ 10 ದಾಟಿದರೆ ಎಚ್ಚರಿಕೆ ಎಂದು ಪರಿಗಣಿಸುವ ರೂಢಿ ಇದೆ. ಮೊದಲ ಡೋಸಿಗೆ ಬಂದಿದ್ದಾರೆ ಎಂದರೆ ದಾರಿ ಗೊತ್ತು, ಕೇಂದ್ರ ಕೈಗೆಟುಕುವಂತಿದೆ. ಆಮೇಲೆ ಬಂದಿಲ್ಲ ಎಂದರೆ ಬೇರೇನೋ ತಡೆದಿದೆ. ಮಾಸಿಕ ಸಭೆಯಲ್ಲಿ ಈ ಶೇಕಡಾ 25ನ್ನು ಓದಿ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಿಲ್ಲ ಎಂದು ಗದರಿ ಕಳಿಸಿದರು ಎಂದಿಟ್ಟುಕೊಳ್ಳೋಣ.

ನಮ್ಮ ಸಿಸ್ಟರ್ ಆ ಸಂಜೆ ರಿಜಿಸ್ಟರ್ ತೆಗೆದು ಸಂಖ್ಯೆ ಬಿಟ್ಟು ಹೆಸರು ಹಿಡಿಯುತ್ತಾರೆ. ಪೆಂಟಾ ಪಡೆದ 72 ಹೆಸರುಗಳನ್ನು ಒಂದೊಂದಾಗಿ ಎಂಆರ್ ಪಟ್ಟಿಯಲ್ಲಿ ಹುಡುಕುತ್ತಾರೆ. ಸಿಗುವುದು 46 ಮಾತ್ರ. ಹಾಗಾದರೆ 54ರಲ್ಲಿ ಉಳಿದ 8 ಮಕ್ಕಳು ಯಾರು? ಅವರು ಬೇರೆ ಊರಲ್ಲಿ ಪೆಂಟಾ ಹಾಕಿಸಿಕೊಂಡು ಇಲ್ಲಿಗೆ ಬಂದವರು. ಹೀಗಾಗಿ ಹುಡುಕಬೇಕಾದ ಮಕ್ಕಳು 18 ಅಲ್ಲ, 26. ಮಾಸಿಕ ವರದಿಯಲ್ಲಿ ಇದು ಯಾವತ್ತೂ ಗೊತ್ತಾಗುವುದಿಲ್ಲ. ಅಲ್ಲಿ ಈ ತಿಂಗಳ ಪೆಂಟಾ ಮಕ್ಕಳನ್ನು ಈ ತಿಂಗಳ ಎಂಆರ್ ಮಕ್ಕಳ ಪಕ್ಕ ಇಡುತ್ತಾರೆ. ಆ ಮಕ್ಕಳೇ ಬೇರೆ, ಈ ಮಕ್ಕಳೇ ಬೇರೆ.

26 ಹೆಸರಿನ ಚೀಟಿ ಹಿಡಿದು ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಂಡಾಗ ಮೊದಲ ಉತ್ತರವೇ ಅರ್ಧ ಕಥೆ ಹೇಳುತ್ತದೆ.

“ಅಕ್ಕಾರ, ಈ ಕೂಸು ಊರಾಗ ಇಲ್ರಿ. ಬಾಣಂತನ ಮುಗೀತು, ಅವ್ವ ಗಂಡನ ಮನಿಗೆ ಹೋದ್ಲು.”

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಅದನ್ನು ಯಾರೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ತವರಿನಲ್ಲಿ ಹೆರಿಗೆ, ಅಲ್ಲೇ ಆರು ವಾರದ ಲಸಿಕೆ, ಮೂರನೆಯದೋ ಐದನೆಯದೋ ತಿಂಗಳಲ್ಲಿ ತೊಟ್ಟಿಲ ಸಮೇತ ಗಂಡನ ಮನೆಗೆ ಪಯಣ. ತವರಿನ ರಿಜಿಸ್ಟರಿನಲ್ಲಿ ಆ ಮಗು ಬಿಟ್ಟುಹೋದ ಮಗು. ಗಂಡನ ಊರಿನ ರಿಜಿಸ್ಟರಿನಲ್ಲಿ ಎಲ್ಲಿಂದಲೋ ಬಂದ ಹೆಚ್ಚುವರಿ ಮಗು. ಇಂಥವರು 26ರಲ್ಲಿ 15 ಮಂದಿ. ಸಿಸ್ಟರ್ ಒಬ್ಬೊಬ್ಬರಿಗೂ ಫೋನು ಮಾಡಿ, ತಾಯಿ ಕಾರ್ಡಿನ ಲಸಿಕೆ ಪುಟದ ಫೋಟೊ ತರಿಸಿಕೊಳ್ಳುತ್ತಾರೆ. 13 ಮಕ್ಕಳಿಗೆ ಅಲ್ಲಿ ಎಂಆರ್ ಆಗಿದೆ, ಇಬ್ಬರಿಗೆ ಆಗಿಲ್ಲ. ಇನ್ನು 7 ಮಕ್ಕಳ ಕುಟುಂಬಗಳು ಗುಳೆ ಹೋಗಿವೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಇಟ್ಟಿಗೆ ಭಟ್ಟಿಗೆ. ಅವರಲ್ಲಿ ಯಾರಿಗೂ ಆಗಿಲ್ಲ. ಕೊನೆಯ 4 ಮಕ್ಕಳು ಊರಲ್ಲೇ ಇದ್ದಾರೆ. ಹಿಂದಿನ ಪೆಂಟಾ ಡೋಸಿನ ರಾತ್ರಿ ಮಗುವಿಗೆ ಜ್ವರ ಬಂದು, ತೊಡೆ ಊದಿಕೊಂಡು, ಅಜ್ಜಿ ‘ಇನ್ನ ಸೂಜಿ ಬ್ಯಾಡ’ ಎಂದು ತೀರ್ಪು ಕೊಟ್ಟ ಮನೆಗಳವು.

ಈಗ ನಿಜಕ್ಕೂ ಲಸಿಕೆ ತಪ್ಪಿದವರನ್ನು ಕೂಡಿಸಿ: ಗಂಡನ ಊರಿನಲ್ಲಿ ತಪ್ಪಿದ 2, ಗುಳೆಯ 7, ಊರಿನ 4. ಒಟ್ಟು 13. 72ಕ್ಕೆ 13 ಎಂದರೆ ಶೇಕಡಾ 18.

ಈ 13ರ ವಿಶೇಷ ಏನೆಂದರೆ ಅದು ಮೂರು ಬೇರೆ ಬೇರೆ ಸಂಕಟಗಳ ಮೊತ್ತ. ಗಂಡನ ಊರಿಗೆ ಹೋದ ಮಗುವಿಗೆ ಬೇಕಾದದ್ದು ಒಂದು ಉಪಕೇಂದ್ರದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವ ವ್ಯವಸ್ಥೆ. ಈಗ ಬಂದಿರುವ ಯು-ವಿನ್ ತಂತ್ರಾಂಶದಲ್ಲಿ ಮಗುವಿನ ದಾಖಲೆ ಊರು ಬದಲಾದರೂ ಜೊತೆಗೇ ಹೋಗಬೇಕು. ಆದರೆ ಹೊಸ ಊರಿನವರು ಹಳೆಯ ದಾಖಲೆ ಹುಡುಕದೆ ಹೊಸದಾಗಿ ನೋಂದಾಯಿಸಿದರೆ ಮತ್ತೆ ಅದೇ ಗೊಂದಲ. ಗುಳೆ ಹೋದ ಮಗುವಿಗೆ ಬೇಕಾದದ್ದು ಭಟ್ಟಿಯ ಹತ್ತಿರವೇ, ತಾಯಿ ಕೂಲಿ ಕಳೆದುಕೊಳ್ಳದ ಹೊತ್ತಿನಲ್ಲಿ ಲಸಿಕೆ. ಅಜ್ಜಿ ಬೇಡವೆಂದ ಮಗುವಿಗೆ ಬೇಕಾಗಿದ್ದದ್ದು ಮಾತು, ಅದೂ ಮೊದಲ ಡೋಸಿನ ದಿನವೇ. ಯಾವ ಲಸಿಕೆ ಕೊಟ್ಟೆವು, ರಾತ್ರಿ ಜ್ವರ ಬರಬಹುದು, ಬಂದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ಕಾರ್ಡು ಜೋಪಾನ. ಲಸಿಕೆ ಕೊಟ್ಟ ಮೇಲೆ ಇಷ್ಟನ್ನು ಹೇಳಲೇಬೇಕು ಎಂಬ ನಿಯಮವಿದೆ. ನಲವತ್ತು ಮಕ್ಕಳ ಸಾಲು ನಿಂತ ದಿನ ಮೊದಲು ಬಿಟ್ಟುಹೋಗುವುದು ಈ ಎರಡು ನಿಮಿಷದ ಮಾತೇ. ಆಶಾ ಕಾರ್ಯಕರ್ತೆಯನ್ನು ಗದರಿದ್ದರಿಂದ ಈ ಮೂರರಲ್ಲಿ ಒಂದೂ ಬಗೆಹರಿಯುತ್ತಿರಲಿಲ್ಲ.

ಪತ್ರದ ಹೊಟ್ಟೆಯಲ್ಲಿ ಇರಬೇಕಾದದ್ದು ಇದು. ಪ್ರವೇಶ ಸಮಿತಿಯಲ್ಲಿ ಕೂತವರು ‘ನಾನು ಶ್ರಮಜೀವಿ’ ಎಂಬ ಸಾಲನ್ನು ನಂಬಬಹುದು, ಬಿಡಬಹುದು. 18 ಎಂದು ಕಂಡದ್ದು 26 ಆಗಿ, 26 ಎಂಬುದು 13 ಆಗಿ, 13 ಎಂಬುದು ಮೂರು ಗುಂಪಾಗಿ ಒಡೆದ ಬಗೆಯನ್ನು ಓದಿದ ಮೇಲೆ ಈ ಅರ್ಜಿದಾರರು ಹೇಗೆ ಯೋಚಿಸುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಎರಡು ಪುಟದಲ್ಲಿ ಇಂಥ ಒಂದೇ ಪ್ರಸಂಗಕ್ಕೆ ಜಾಗ. ಕೋವಿಡ್ ಡ್ಯೂಟಿ, ಕ್ಷಯ ಸಮೀಕ್ಷೆ, ಹೆರಿಗೆ ಕೊಠಡಿ, ಪೋಲಿಯೊ ಭಾನುವಾರ ಎಲ್ಲವನ್ನೂ ತುಂಬಿದರೆ ಅದು ಅನುಭವ ಪತ್ರದ ನಕಲಾಗುತ್ತದೆ. ಅವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಇಲ್ಲೊಂದು ಗುಂಡಿ ಇದೆ, ಒಳ್ಳೆಯ ಕೆಲಸ ಮಾಡಿದವರೇ ಅದರಲ್ಲಿ ಬೀಳುತ್ತಾರೆ. ‘ನನ್ನ ಪ್ರಯತ್ನದಿಂದ ಡ್ರಾಪ್‌ಔಟ್ ಶೇಕಡಾ 25ರಿಂದ 18ಕ್ಕೆ ಇಳಿಯಿತು’ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅದು ಇಳಿದಿಲ್ಲ. ಎಣಿಕೆ ಸರಿಹೋಗಿದೆ, ಅಷ್ಟೆ. ಹೆಸರು ಹಿಡಿದು ಎಣಿಸುವ ಮೊದಲೂ 13 ಮಕ್ಕಳಿಗೆ ಲಸಿಕೆ ಆಗಿರಲಿಲ್ಲ, ಎಣಿಸಿದ ಮೇಲೂ ಆಗಿರಲಿಲ್ಲ. ಮಾಪನ ಸರಿಪಡಿಸಿದ್ದು ಒಂದು, ಪರಿಸ್ಥಿತಿ ಸುಧಾರಿಸಿದ್ದು ಇನ್ನೊಂದು. ಈ ವ್ಯತ್ಯಾಸ ಬಲ್ಲವರು ಸಮಿತಿಯಲ್ಲಿ ಒಬ್ಬರಾದರೂ ಇರುತ್ತಾರೆ, ಮತ್ತು ಆ ಒಂದು ವಾಕ್ಯ ಇಡೀ ಪತ್ರದ ಮೇಲಿನ ವಿಶ್ವಾಸವನ್ನು ಕೆಡಿಸುತ್ತದೆ. ಇದೇ ಜಾತಿಯ ಇನ್ನೊಂದು ಮಾತು ‘ನಾನು ಜಾಗೃತಿ ಕಾರ್ಯಕ್ರಮ ನಡೆಸಿದ ಮೇಲೆ ಆಸ್ಪತ್ರೆ ಹೆರಿಗೆ ಹೆಚ್ಚಿತು’ ಎಂಬುದು. ಅದೇ ವರ್ಷ ಊರಿಗೆ ಹೊಸ ರಸ್ತೆ ಬಂದಿರಬಹುದು, ಆಂಬುಲೆನ್ಸ್ ಬಂದಿರಬಹುದು, ಪಕ್ಕದ ಊರಲ್ಲಿ ಯಾವ ಕಾರ್ಯಕ್ರಮವೂ ಇಲ್ಲದೆ ಅಷ್ಟೇ ಹೆಚ್ಚಿರಬಹುದು. ಹೋಲಿಸಿ ನೋಡದೆ ಕಾರಣ ಹೇಳಲಾಗದು. ಹೋಲಿಸುವುದು ಹೇಗೆಂದು ಕಲಿಯಲೆಂದೇ ಅಲ್ಲವೇ ಈ ಕೋರ್ಸು?

ಪತ್ರದ ಎರಡನೆಯ ಅರ್ಧ ಹುಟ್ಟುವುದು ಈ ಪ್ರಶ್ನೆಯಿಂದಲೇ. ತನಗೆ ಗೊತ್ತಿಲ್ಲದ್ದನ್ನು ಹೇಳಲು ನರ್ಸ್‌ಗಳು ಹಿಂಜರಿಯುತ್ತಾರೆ. ಕೆಲಸದ ಜಾಗದಲ್ಲಿ ‘ಗೊತ್ತಿಲ್ಲ’ ಎಂದರೆ ಬೈಗುಳ ತಿಂದು ರೂಢಿ. ಪತ್ರದಲ್ಲಿ ಮಾತ್ರ ಅದೇ ಬಲ, ಖಚಿತವಾಗಿ ಹೇಳಿದರೆ. ನಮ್ಮ ಸಿಸ್ಟರ್‌ಗೆ ಗೊತ್ತಿಲ್ಲದ್ದು ಏನು? ತನ್ನ ಉಪಕೇಂದ್ರದ ಈ ಕಥೆ ತಾಲ್ಲೂಕಿನದೂ ಹೌದೇ ಎಂಬುದು. 72 ಮಕ್ಕಳನ್ನು ಒಬ್ಬರೇ ಫೋನು ಮಾಡಿ ಹುಡುಕಬಹುದು, ತಾಲ್ಲೂಕಿನ ಸಾವಿರಾರು ಮಕ್ಕಳನ್ನು ಆಗದು. ಹಾಗಾದರೆ ಎಷ್ಟು ಊರುಗಳನ್ನು, ಯಾವ ಕ್ರಮದಲ್ಲಿ ಆರಿಸಿದರೆ ಸಾಕು? ಆ ಉತ್ತರ ಸ್ಯಾಂಪ್ಲಿಂಗ್ ಪಾಠದಲ್ಲಿದೆ. ಭಟ್ಟಿಯ ಬಳಿ ಸಂಜೆ ಲಸಿಕೆ ಕೊಟ್ಟರೆ ನಿಜಕ್ಕೂ ಉಪಯೋಗವಾಯಿತೇ ಎಂದು ತೀರ್ಮಾನಿಸುವುದು ಹೇಗೆ? ಅದು ಸಾಂಕ್ರಾಮಿಕ ರೋಗಶಾಸ್ತ್ರ ಎಂದು ಅನುವಾದವಾಗಿರುವ ಎಪಿಡೆಮಿಯಾಲಜಿಯ ಕೆಲಸ. ಆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಆ ಶಾಸ್ತ್ರ ಬಿಪಿ, ಸಕ್ಕರೆ ಕಾಯಿಲೆ, ರಸ್ತೆ ಅಪಘಾತಗಳನ್ನೂ ಎಣಿಸಿ ತೂಗುತ್ತದೆ. ಊರು ಬಿಟ್ಟ ಮಗುವಿನ ಹೊಣೆ ಯಾವ ಜಿಲ್ಲೆಯದು, ಅದರ ಖರ್ಚು ಯಾರ ತಲೆಗೆ ಎಂಬುದು ಆರೋಗ್ಯ ವ್ಯವಸ್ಥೆ ಮತ್ತು ನೀತಿಯ ಪಾಠ. ‘ಈ ಪ್ರಶ್ನೆಗೆ ಈ ಪಾಠ ಬೇಕು’ ಎಂದು ಒಂದಕ್ಕೊಂದು ಗಂಟು ಹಾಕಿದರೆ ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯುವ ಸದವಕಾಶ’ ಎಂದು ಹೊಗಳುವ ಅಗತ್ಯ ಬೀಳುವುದಿಲ್ಲ.

ಬರೆಯುವ ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪತ್ರ ಕೊನೆಗೆ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ಆದರೆ ಮೊದಲ ಕರಡನ್ನು ಕನ್ನಡದಲ್ಲಿ, ತಂಗಿಗೆ ಹೇಳುವ ಹಾಗೆ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ನೇರ ಇಂಗ್ಲಿಷಿಗೆ ಇಳಿದರೆ ಸರ್ಕಾರಿ ಸುತ್ತೋಲೆಯ ಪದಗಳು ಬಂದು ಮುತ್ತಿಕೊಳ್ಳುತ್ತವೆ, ತವರು, ಗುಳೆ, ಅಜ್ಜಿ ಯಾರೂ ಒಳಗೆ ಬರುವುದಿಲ್ಲ. ಕನ್ನಡದ ಕರಡಿನಲ್ಲಿ ಸಿಸ್ಟರ್ ಹೀಗೆ ಬರೆಯಬಹುದು:

‘ಸಭೆಯಲ್ಲಿ ನಮ್ಮ ಉಪಕೇಂದ್ರದ ಡ್ರಾಪ್‌ಔಟ್ ಶೇಕಡಾ 25 ಎಂದು ಓದಿದರು. ಆ ಸಂಜೆ ನಾನು ಸಂಖ್ಯೆಗಳನ್ನು ಬಿಟ್ಟು ಹೆಸರುಗಳನ್ನು ಓದಿದೆ. ಬಿಟ್ಟುಹೋದವರೆಂದು ಕಂಡ ಮಕ್ಕಳಲ್ಲಿ ಅರ್ಧದಷ್ಟು ಮಂದಿ ತಾಯಿಯ ಜೊತೆ ಗಂಡನ ಮನೆಗೆ ಹೋಗಿ ಅಲ್ಲಿ ಲಸಿಕೆ ಹಾಕಿಸಿಕೊಂಡಿದ್ದರು. ನಿಜಕ್ಕೂ ತಪ್ಪಿದ 13 ಮಕ್ಕಳಲ್ಲಿ 7 ಮಂದಿ ಗುಳೆ ಹೋದ ಮನೆಯವರು. ಅವರನ್ನು ತಲುಪುವುದು ಹೇಗೆಂದು ನನಗೆ ಗೊತ್ತಿಲ್ಲ. ಅವರು ಹೋದ ಊರಿನ ಸಿಸ್ಟರ್‌ಗೂ ಈ ಮಕ್ಕಳು ಇದ್ದಾರೆಂದೇ ಗೊತ್ತಿಲ್ಲ.’

ಇದು ಇಂಗ್ಲಿಷಿಗೆ ಹೋದಾಗಲೂ ಇಷ್ಟೇ ಸರಳವಾಗಿರಬೇಕು. ವ್ಯಾಕರಣ ನೋಡಿಕೊಡಲು ಯಾರನ್ನಾದರೂ ಕೇಳುವುದು ಸರಿ. ಹಣ ಕೊಟ್ಟು ಬರೆಸಿಕೊಂಡ ಪತ್ರ ಸಂದರ್ಶನದಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತದೆ. ‘ಆ 8 ಮಕ್ಕಳನ್ನು ಹೇಗೆ ಪತ್ತೆ ಹಚ್ಚಿದಿರಿ?’ ಎಂದು ಕೇಳಿದರೆ ರಿಜಿಸ್ಟರ್ ಮುಟ್ಟಿದವರು ಮಾತ್ರ ಉತ್ತರಿಸಬಲ್ಲರು. ಊರಿನ ಹೆಸರು, ತಾಯಿಯ ಹೆಸರು, ಕಾರ್ಡಿನ ಫೋಟೊ ಪತ್ರದಲ್ಲಿ ಬರಕೂಡದು. ಅದು ರೋಗಿಯ ಗುಟ್ಟು ಕಾಯುವ ವೃತ್ತಿಧರ್ಮ. ಮೇಲಧಿಕಾರಿಗಳ ಮೇಲಿನ ಸಿಟ್ಟೂ ಬೇಡ, ಗದರಿದ್ದು ತಪ್ಪೆಂದು ಲೆಕ್ಕವೇ ಹೇಳುತ್ತದೆ. ಪದವಿಯಲ್ಲಿ ಅಂಕ ಕಡಿಮೆ ಬಂದಿದ್ದರೆ, ಓದು ನಡುವೆ ನಿಂತಿದ್ದರೆ, ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಬೇಕು.

ಓದಿದ ಮೇಲೆ ಏನು ಮಾಡುವಿರಿ ಎಂಬ ಕೊನೆಯ ಪ್ಯಾರಾಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕನಸು ಬೇಕಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಲಸಿಕಾ ಕಾರ್ಯಕ್ರಮದ ಲೆಕ್ಕ ನೋಡುವ ಕೆಲಸಕ್ಕೆ ಮರಳುತ್ತೇನೆ, ಗುಳೆ ಹೊರಡುವ ತಿಂಗಳಿಗೆ ಮೊದಲೇ ಆ ಮನೆಗಳ ಮಕ್ಕಳ ಪಟ್ಟಿ ಮಾಡಿ ಅವರು ಹೋಗುವ ಊರಿಗೆ ಕಳಿಸುವ ಪ್ರಯೋಗವನ್ನು ಎರಡು ತಾಲ್ಲೂಕುಗಳ ನಡುವೆ ನಡೆಸಿ ನೋಡುತ್ತೇನೆ ಎಂದರೆ ಸಾಕು. ಸರ್ಕಾರಿ ನೌಕರಿಯಲ್ಲಿರುವವರು ಅದಕ್ಕೆ ರಜೆ ಹೇಗೆ ಹೊಂದಿಸುತ್ತೇವೆ ಎಂಬುದನ್ನೂ ಸೇರಿಸಿದರೆ ಯೋಜನೆ ಗಟ್ಟಿಯಾಗಿ ಕಾಣುತ್ತದೆ.

ಈ ವರ್ಷ ಅರ್ಜಿ ಹಾಕುವ ಯೋಚನೆಯಲ್ಲಿರುವ ಸಿಸ್ಟರ್‌ಗಳಲ್ಲಿ ನನ್ನದೊಂದು ಕೋರಿಕೆ. ಪತ್ರ ಬರೆಯುವ ಮೊದಲು ನಿಮ್ಮ ರಿಜಿಸ್ಟರನ್ನು ಹೆಸರು ಹಿಡಿದು ಒಮ್ಮೆ ಎಣಿಸಿ. ನಿಮ್ಮಲ್ಲೂ ಹೀಗೆ ಬಿಟ್ಟುಹೋದ ಮಕ್ಕಳು ಸಿಕ್ಕರೆ ಅರ್ಜಿಯನ್ನು ಒಂದು ವಾರ ಪಕ್ಕಕ್ಕಿಟ್ಟು ಅವರನ್ನು ಕರೆಸಿ. ಒಂಬತ್ತು ತಿಂಗಳಿಗೆ ತಪ್ಪಿದ ಎಂಆರ್ ಲಸಿಕೆಯನ್ನು ಮಗುವಿಗೆ 5 ವರ್ಷ ತುಂಬುವವರೆಗೂ ಕೊಡಬಹುದು.